ಇಂಗ್ಲಿಷ್ ಟಿಪ್ಪಣಿಯಿಂದ ಯುಗಾದಿ ಭಾಷಣ: ಶಿರಸಿಯಲ್ಲಿ ಕೂತು ಹೊರದೇಶದ ಕನ್ನಡ ಕೂಟಕ್ಕೆ ಬರೆಯುವುದು ಹೇಗೆ

ಈ ವರ್ಷ, ಅಂದರೆ 2026ರ ಫೆಬ್ರವರಿ ಕೊನೆಗೆ, ಶಿರಸಿಯಲ್ಲಿ ಜಾತ್ರೆಯ ಗದ್ದಲ. ಅದರ ಮಧ್ಯೆಯೇ ಅಕ್ಕನ ಮಗಳ ಮೆಸೇಜ್ ಬಂತು. ಅವಳು ಅಮೆರಿಕದಲ್ಲಿ ತನ್ನ ಊರಿನ ಕನ್ನಡ ಕೂಟಕ್ಕೆ ಈ ಸಲ ಅಧ್ಯಕ್ಷೆ. "ಚಿಕ್ಕಮ್ಮ, ಯುಗಾದಿಗೆ ಐದು ನಿಮಿಷ ಮಾತಾಡ್ಬೇಕು. ನಮ್ಮ ಕಾರ್ಯದರ್ಶಿ ಪಾಯಿಂಟ್ಸ್ ಬರೆದು ಕೊಟ್ಟಿದ್ದಾರೆ. ಸುಮ್ನೆ ಕನ್ನಡಕ್ಕೆ ಮಾಡಿಕೊಡು."

ನಾನು ಅನುವಾದದ ಕೆಲಸ ಮಾಡುವವಳು. ಇಂಥ ಟಿಪ್ಪಣಿ ಪ್ರತಿ ವರ್ಷ ಒಂದೆರಡಾದರೂ ಬರುತ್ತವೆ. ಟಿಪ್ಪಣಿಯನ್ನು ಅನುವಾದ ಮಾಡಲು ಅರ್ಧ ಗಂಟೆ ಸಾಕು. ಅದನ್ನು ಭಾಷಣ ಮಾಡಲು ಎರಡು ದಿನ ಬೇಕು. ಆ ಎರಡು ದಿನ ಏನೇನು ಮಾಡಬೇಕು ಎಂದು ಈ ಸಲದ ಭಾಷಣವನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಕಾರ್ಯದರ್ಶಿಯವರು ಕಳಿಸಿದ್ದು ಆರು ಸಾಲು. ಎಲ್ಲರಿಗೂ ವಾರ್ಮ್ ವೆಲ್ಕಮ್, ಹೊಸ ಮೆಂಬರ್ಸ್‌ಗೆ ಸ್ಪೆಷಲ್ ವೆಲ್ಕಮ್. ಹ್ಯಾಪಿ ಅಂಡ್ ಪ್ರಾಸ್ಪರಸ್ ಪ್ರಭವ ನಾಮ ಸಂವತ್ಸರ. ಯುಗಾದಿಯ ಸಿಗ್ನಿಫಿಕೆನ್ಸ್, ನ್ಯೂ ಬಿಗಿನಿಂಗ್ಸ್, ನೀಮ್ ಅಂಡ್ ಜಾಗರಿ. ಕನ್ನಡ ಶಾಲೆಯಲ್ಲಿ 22 ಮಕ್ಕಳು, ಇನ್ನೂ ಸೇರಿಸಿ ಅಂತ ರಿಕ್ವೆಸ್ಟ್. ವಾಲಂಟಿಯರ್ಸ್, ಫುಡ್ ಟೀಮ್, ಸ್ಪಾನ್ಸರ್ಸ್‌ಗೆ ಥ್ಯಾಂಕ್ಸ್. ಲಾಸ್ಟ್ ಬಟ್ ನಾಟ್ ದ ಲೀಸ್ಟ್, ಲಂಚ್ ಇದೆ.

ಬರೆಯುವ ಮೊದಲು ಒಂದು ಫೋನ್

ಟಿಪ್ಪಣಿ ಕೈಗೆ ಬಂದ ಕೂಡಲೇ ಬರೆಯಲು ಕೂರಬೇಡಿ. ಮಾತಾಡುವವರಿಗೆ ಫೋನ್ ಮಾಡಿ. ಕೇಳಬೇಕಾದ್ದು ಜಾಸ್ತಿ ಇಲ್ಲ. ಕಾರ್ಯಕ್ರಮ ಯಾವ ದಿನ? ಎದುರಿಗೆ ಕೂರುವವರು ಯಾವ ಯಾವ ಕಡೆಯವರು? ನಿಮ್ಮ ಮಾತಿನ ಹಿಂದೆ ಮುಂದೆ ಏನಿದೆ? ಕನ್ನಡ ಲಿಪಿ ನೋಡಿ ಓದುತ್ತೀರಾ? ಮತ್ತೊಂದು ಪ್ರಶ್ನೆ ಎಲ್ಲಕ್ಕಿಂತ ಮುಖ್ಯ: ನಿಮ್ಮ ಮನೆಯಲ್ಲಿ ಚಿಕ್ಕಂದಿನಲ್ಲಿ ಯುಗಾದಿ ಹೇಗಿತ್ತು?

ದಿನದ ಪ್ರಶ್ನೆ ಯಾಕೆ ಅಂದರೆ, ಹೊರದೇಶದ ಕೂಟಗಳಲ್ಲಿ ಹಬ್ಬ ವಾರಾಂತ್ಯಕ್ಕೆ ಜರುಗುತ್ತದೆ. ಈ ವರ್ಷ ಯುಗಾದಿ ಮಾರ್ಚ್ 19, ಗುರುವಾರ. ಕೂಟದ ಕಾರ್ಯಕ್ರಮ ಮಾರ್ಚ್ 28, ಶನಿವಾರ. ಹಾಗಾಗಿ "ಇಂದು ಯುಗಾದಿಯ ಶುಭದಿನ" ಎಂದು ಬರೆದರೆ ಅದು ಸುಳ್ಳಾಗುತ್ತದೆ. ಕೇಳುವವರಿಗೂ ಗೊತ್ತಾಗುತ್ತದೆ. ಹಬ್ಬ ಆಗಿ ಒಂಬತ್ತು ದಿನ ಆಗಿದೆ ಅನ್ನುವುದನ್ನೇ ಮಾತಿಗೆ ಮೊದಲು ಮಾಡಿಕೊಳ್ಳಬಹುದು.

ಯಾವ ಕಡೆಯವರು ಎಂದು ಕೇಳಿದಾಗ ಅವಳು ಹೇಳಿದ್ದು: ಬೆಂಗಳೂರು, ಮೈಸೂರು ಕಡೆಯವರು ಅರ್ಧಕ್ಕಿಂತ ಜಾಸ್ತಿ. ಹುಬ್ಬಳ್ಳಿ ಕಡೆಯವರು ಸ್ವಲ್ಪ. ಉಡುಪಿ, ಮಂಗಳೂರಿನವರು ಏಳೆಂಟು ಮನೆ. ಕಾರವಾರದ ಕೊಂಕಣಿ ಮನೆ ಎರಡು. ಇದು ತಿಳಿದರೆ ಬರೆಯುವ ಕೈ ಹುಷಾರಾಗುತ್ತದೆ. ತುಳುನಾಡಿನವರ ಹೊಸ ವರ್ಷ ಬಿಸು. ಅದು ಸೌರಮಾನದ ಲೆಕ್ಕ, ಬರುವುದು ಏಪ್ರಿಲ್ ನಡುವೆ. "ಎಲ್ಲ ಕನ್ನಡಿಗರ ಹೊಸ ವರ್ಷ ಬಂದಿದೆ" ಎಂದರೆ ಅವರು ಹೊರಗುಳಿದ ಹಾಗೆ. ಕಾರವಾರದ ಕೊಂಕಣಿಯವರಿಗೆ ದಿನ ಇದೇ, ಹೆಸರು ಮಾತ್ರ ಸಂಸಾರ ಪಾಡ್ವೊ. ಹೋಳಿಗೆ ಅನ್ನಬೇಕಾ, ಒಬ್ಬಟ್ಟು ಅನ್ನಬೇಕಾ ಎನ್ನುವುದೂ ಇಲ್ಲೇ ತೀರ್ಮಾನ ಆಗುತ್ತದೆ. ಮಾತಾಡುವವಳು ಶಿರಸಿಯವಳು, ಅವಳ ಬಾಯಲ್ಲಿ ಹೋಳಿಗೆಯೇ ಇರಲಿ. ಮೈಸೂರಿನವರಿಗೆ ಅರ್ಥ ಆಗದೇ ಇರುವುದಿಲ್ಲ.

ಸಂವತ್ಸರದ ಹೆಸರನ್ನು ಪಂಚಾಂಗದಲ್ಲೇ ನೋಡಿ

ಟಿಪ್ಪಣಿಯಲ್ಲಿ ಪ್ರಭವ ಎಂದಿತ್ತು. ನಮ್ಮ ಮನೆಯಲ್ಲಿ ಕುಮಟಾದ ಬಗ್ಗೋಣ ಪಂಚಾಂಗ ಇಟ್ಟುಕೊಳ್ಳುತ್ತೇವೆ. ತೆಗೆದು ನೋಡಿದೆ. ಈ ವರ್ಷದ್ದು ಪರಾಭವ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಎರಡಕ್ಕೂ ವ್ಯತ್ಯಾಸ ತೀರಾ ಕಡಿಮೆ, ಹಾಗಾಗಿ ತಪ್ಪಿದೆ. ಆದರೆ ಅರುವತ್ತು ಸಂವತ್ಸರಗಳಲ್ಲಿ ಪ್ರಭವ ಮೊದಲನೆಯದು, ಪರಾಭವ ನಲವತ್ತನೆಯದು. ಪ್ರಭವ 1987ರಲ್ಲಿ ಬಂದು ಹೋಗಿದೆ. ಇನ್ನು ಬರುವುದು 2047ಕ್ಕೆ. ಸಭೆಯಲ್ಲಿ ಪಂಚಾಂಗ ಓದುವ ಹಿರಿಯರು ಒಬ್ಬರಾದರೂ ಇರುತ್ತಾರೆ. ಮೊದಲ ಸಾಲಲ್ಲೇ ತಪ್ಪು ಕೇಳಿದರೆ ಉಳಿದ ಮಾತು ಅವರ ಕಿವಿಗೆ ಹೋಗುವುದಿಲ್ಲ.

ಈ ಹೆಸರಿನಲ್ಲಿ ಇನ್ನೊಂದು ತೊಡಕಿದೆ. ಪರಾಭವ ಅಂದರೆ ಸೋಲು. "ಪರಾಭವ ನಿಮಗೆಲ್ಲ ಶುಭ ತರಲಿ" ಎಂದು ಬರೆದು, ಮೈಕಿನಲ್ಲಿ ಓದಿ ನೋಡಿ, ಕಿವಿಗೆ ಹಿತ ಅನ್ನಿಸುವುದಿಲ್ಲ. ಎರಡು ದಾರಿ ಇದೆ. ಹೆಸರನ್ನು ಬಿಟ್ಟು "ಹೊಸ ಸಂವತ್ಸರ" ಎನ್ನಬಹುದು. ಇಲ್ಲವೇ ಹೆಸರು ಹೇಳಿ, ಅರ್ಥವನ್ನೂ ಹೇಳಿ ಮುಂದೆ ಹೋಗಬಹುದು. ನನಗೆ ಎರಡನೆಯದು ಹಿಡಿಸಿತು. ಹೀಗೆ ಬರೆದೆ: "ಈ ಸಂವತ್ಸರದ ಹೆಸರು ಪರಾಭವ. ಪರಾಭವ ಅಂದರೆ ಸೋಲು. ಮಕ್ಕಳು ಕೇಳಿದರೆ ಹೇಳಿ, ಬೇವು-ಬೆಲ್ಲದಲ್ಲಿ ಬೇವು ಇದ್ದ ಹಾಗೆ, ಅರುವತ್ತು ಹೆಸರುಗಳಲ್ಲಿ ಇದೂ ಒಂದು ಇದೆ." ಬೇವು-ಬೆಲ್ಲದ ಮಾತಿಗೆ ಇಲ್ಲಿಂದಲೇ ಬಾಗಿಲು ತೆರೆಯಿತು.

ನೇರ ಅನುವಾದ ಒಂದು ಸಲ ಮಾಡಿ, ನಿಮಗೋಸ್ಕರ

ಇದನ್ನು ಬಿಡಬೇಡಿ. ಟಿಪ್ಪಣಿಯಲ್ಲಿ ಇರುವ ಯಾವ ವಿಷಯವೂ ಕೈತಪ್ಪಬಾರದು ಅಂದರೆ ಸಾಲಿಗೆ ಸಾಲು ಒಮ್ಮೆ ಕನ್ನಡದಲ್ಲಿ ಇಳಿಸಿಕೊಳ್ಳಬೇಕು. ನನ್ನ ಕರಡು ಹೀಗಿತ್ತು:

"ಎಲ್ಲರಿಗೂ ಬೆಚ್ಚಗಿನ ಸ್ವಾಗತ. ಈ ಶುಭ ಸಂದರ್ಭದಲ್ಲಿ ನಾನು ನಿಮ್ಮೆಲ್ಲರಿಗೂ ಸಂತೋಷಕರ ಮತ್ತು ಸಮೃದ್ಧ ಹೊಸ ವರ್ಷವನ್ನು ಹಾರೈಸಲು ಇಷ್ಟಪಡುತ್ತೇನೆ. ಯುಗಾದಿಯು ಹೊಸ ಆರಂಭಗಳ ಹಬ್ಬವಾಗಿದೆ. ಕೊನೆಯದಾಗಿ ಆದರೆ ಕಡೆಗಣಿಸಲಾಗದ್ದು, ಊಟ."

ವ್ಯಾಕರಣ ತಪ್ಪಿಲ್ಲ. ಆದರೆ ಕನ್ನಡದಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ಕರಡಿನಲ್ಲಿ ಎಲ್ಲಿ ಇಂಗ್ಲಿಷ್ ಕೂತಿದೆ ಎಂದು ಪೆನ್ನು ಹಿಡಿದು ಗೆರೆ ಎಳೆಯಿರಿ. ಸಾಮಾನ್ಯವಾಗಿ ನಾಲ್ಕು ಕಡೆ ಸಿಗುತ್ತದೆ.

ಮೊದಲನೆಯದು "ಇಷ್ಟಪಡುತ್ತೇನೆ", "ಬಯಸುತ್ತೇನೆ". ಧನ್ಯವಾದ ಹೇಳಲು ಬಯಸುತ್ತೇನೆ ಎಂದರೆ, ಹೇಳಿ ಅಲ್ವಾ, ಯಾರು ಬೇಡ ಅಂದರು? ಎರಡನೆಯದು "ನಾನು". ಇಂಗ್ಲಿಷಿನಲ್ಲಿ ಪ್ರತಿ ವಾಕ್ಯಕ್ಕೂ ಅದು ಬೇಕು. ಕನ್ನಡದಲ್ಲಿ ಕ್ರಿಯಾಪದವೇ ಅದನ್ನು ಹೇಳುತ್ತದೆ. "ನಿಮಗೆ ಒಂದು ಮಾತು ಹೇಳುತ್ತೇನೆ" ಎಂದರೆ ಸಾಕು. ನನ್ನ ಕರಡಿನಲ್ಲಿ ಹನ್ನೊಂದು "ನಾನು" ಇದ್ದವು, ಕೊನೆಗೆ ಉಳಿದದ್ದು ಎರಡು. ಮೂರನೆಯದು "ಮತ್ತು". "ಶಾಲೆ ಮತ್ತು ಆಫೀಸು" ಅನ್ನುವುದಕ್ಕಿಂತ "ಶಾಲೆಯೂ ಆಫೀಸೂ" ಬಾಯಿಗೆ ಹಗುರ. ನಾಲ್ಕನೆಯದು "ಆಗಿದೆ". "ಯುಗಾದಿ ಹಬ್ಬವಾಗಿದೆ" ಅಂತ ಮನೆಯಲ್ಲಿ ಯಾರೂ ಹೇಳುವುದಿಲ್ಲ.

ಅಡುಗೆಯ ಮಾತು ಬಂದಾಗ ಇನ್ನೂ ಹುಷಾರಿರಬೇಕು. ಹೋಳಿಗೆಯನ್ನು ಇಂಗ್ಲಿಷಿನಲ್ಲಿ ಸ್ವೀಟ್ ಫ್ಲ್ಯಾಟ್‌ಬ್ರೆಡ್ ಎಂದು ಬರೆದಿರುತ್ತಾರೆ. ಅದು "ಸಿಹಿ ರೊಟ್ಟಿ" ಆಗಿ ವಾಪಸ್ ಬಂದದ್ದನ್ನು ನೋಡಿದ್ದೇನೆ. ಮಾವಿನ ತೋರಣ "ಮಾವಿನ ಎಲೆಗಳ ಹಾರ" ಆಗುತ್ತದೆ. ಹಬ್ಬದ ಅಭ್ಯಂಜನ "ಎಣ್ಣೆ ಸ್ನಾನ" ಆಗುತ್ತದೆ. ಇವು ಮೊದಲು ಕನ್ನಡದಲ್ಲೇ ಇದ್ದ ಮಾತುಗಳು. ಇಂಗ್ಲಿಷಿಗೆ ಹೋಗಿ ಬಂದಿವೆ ಅಷ್ಟೆ. ಇಲ್ಲಿ ಅನುವಾದ ಮಾಡಬಾರದು, ಹಳೆಯ ಹೆಸರನ್ನು ನೆನಪಿಸಿಕೊಳ್ಳಬೇಕು.

ಗೆರೆ ಎಳೆದ ಮೇಲೆ ಕರಡನ್ನು ಮಡಚಿಟ್ಟುಬಿಡಿ. ತಿದ್ದಲು ಹೋಗಬೇಡಿ. ತಿದ್ದಿದರೆ ಇಂಗ್ಲಿಷಿನ ಮೂಳೆ ಹಾಗೇ ಉಳಿಯುತ್ತದೆ. ಟಿಪ್ಪಣಿಯ ಆರು ವಿಷಯಗಳನ್ನು ಒಂದು ಚೀಟಿಯಲ್ಲಿ ಒಂದೊಂದೇ ಪದದಲ್ಲಿ ಬರೆದುಕೊಳ್ಳಿ: ಸ್ವಾಗತ, ಸಂವತ್ಸರ, ಬೇವು-ಬೆಲ್ಲ, ಶಾಲೆ, ಉಪಕಾರ, ಊಟ. ಆ ಚೀಟಿ ನೋಡಿ ಹೊಸದಾಗಿ ಬರೆಯಿರಿ.

ಶುರು ಮಾಡುವುದು

ಆರಂಭ ಹೀಗೆ ಬಂತು:

"ಎಲ್ಲರಿಗೂ ನಮಸ್ಕಾರ. ಹೋದ ವಾರ ಗುರುವಾರ ಯುಗಾದಿ ಆಯ್ತು. ಅವತ್ತು ನಮ್ಮಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋದೆವು. ಮಕ್ಕಳು ಶಾಲೆಗೆ ಹೋದರು. ಬೆಳಿಗ್ಗೆ ಗಡಿಬಿಡಿಯಲ್ಲಿ ಒಂಚೂರು ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡದ್ದೇ ಹಬ್ಬ. ಅದಕ್ಕೇ ಇವತ್ತು ಎಲ್ಲ ಸೇರಿ ಮತ್ತೊಮ್ಮೆ ಮಾಡೋಣ. ನಿಮಗೆಲ್ಲ ಯುಗಾದಿಯ ಶುಭಾಶಯ. ಕಾರವಾರದವರಿಗೆ ಸಂಸಾರ ಪಾಡ್ವೊದ ಶುಭಾಶಯ. ಉಡುಪಿ, ಮಂಗಳೂರಿನವರಿಗೆ ಮುಂದಿನ ತಿಂಗಳು ಬರುವ ಬಿಸುವಿಗೆ ಈಗಲೇ ಶುಭಾಶಯ. ಕೂಟಕ್ಕೆ ಇದೇ ಮೊದಲ ಸಲ ಬಂದವರಿದ್ದೀರಿ. ಊಟಕ್ಕೆ ಕೂತಾಗ ಪಕ್ಕದವರಿಗೆ ನಿಮ್ಮ ಊರು ಯಾವುದು ಅಂತ ಹೇಳಿ. ಮಾತು ತಾನಾಗಿ ಶುರುವಾಗುತ್ತೆ."

ಟಿಪ್ಪಣಿಯ ಮೊದಲ ಸಾಲಿನಲ್ಲಿದ್ದ ಎರಡೂ ಸ್ವಾಗತ ಇದರಲ್ಲಿ ಬಂದಿವೆ. ಸ್ವಾಗತ ಎನ್ನುವ ಪದ ಮಾತ್ರ ಒಮ್ಮೆಯೂ ಬಂದಿಲ್ಲ. ನಿರೂಪಕರು ಅದನ್ನು ಆಗಲೇ ಹೇಳಿರುತ್ತಾರೆ. ಹಾಗೆಯೇ ಎಲ್ಲರಿಗೂ ಬಾಯಿಪಾಠ ಇರುವ ಯುಗಾದಿ ಹಾಡನ್ನು ಭಾಷಣದ ಮೊದಲಿಗೆ ಓದಿಸಬೇಡಿ. ಕಾರ್ಯಕ್ರಮದ ಪಟ್ಟಿ ನೋಡಿ, ಯಾರಾದರೂ ಅದನ್ನು ಹಾಡುವುದು ಇದ್ದೇ ಇರುತ್ತದೆ.

ಬೇವು-ಬೆಲ್ಲದ ಜಾಗ

ಎಲ್ಲ ಯುಗಾದಿ ಭಾಷಣಗಳೂ ಒಂದೇ ಥರ ಆಗುವುದು ಇಲ್ಲೇ. ಬೇವು ಕಷ್ಟ, ಬೆಲ್ಲ ಸುಖ, ಎರಡನ್ನೂ ಸಮನಾಗಿ ತಗೊಳ್ಳಬೇಕು. ಈ ಮಾತನ್ನು ಸಭೆಯಲ್ಲಿ ಕೂತ ಪ್ರತಿಯೊಬ್ಬರೂ ಐವತ್ತು ಸಲ ಕೇಳಿರುತ್ತಾರೆ. ಫೋನಿನಲ್ಲಿ ಕೇಳಿದ ಕೊನೆಯ ಪ್ರಶ್ನೆ ಕೈಹಿಡಿಯುವುದೂ ಇಲ್ಲೇ.

ಅವಳು ಮೊದಲು "ನೆನಪಾಗ್ತಿಲ್ಲ ಚಿಕ್ಕಮ್ಮ" ಅಂದಳು. ಬೇವು ಎಲ್ಲಿಂದ ತರ್ತಿದ್ರಿ ಎಂದು ಕೇಳಿದೆ. ಆಗ ಮಾತು ಬಂತು. ನಮ್ಮ ಮಲೆನಾಡಿನಲ್ಲಿ ಬೇವಿನ ಮರ ಕಡಿಮೆ. ಅವರ ಮನೆ ಹತ್ತಿರ ಒಂದೂ ಇರಲಿಲ್ಲ. ಅಕ್ಕ ಹಬ್ಬದ ಹಿಂದಿನ ದಿನ ಪೇಟೆಗೆ ಹೋಗಿ ಸಣ್ಣ ಕಟ್ಟು ತರುತ್ತಿದ್ದಳು. ಈಗ ಮಗಳು ಅಲ್ಲಿ ಇಂಡಿಯನ್ ಅಂಗಡಿಗೆ ಕಾರು ಓಡಿಸಿಕೊಂಡು ಹೋಗಿ ಒಣಗಿದ ಬೇವು ತರುತ್ತಾಳೆ. ಅದನ್ನೇ ಬರೆದೆ:

"ಶಿರಸಿಯಲ್ಲಿ ನಮ್ಮ ಮನೆ ಹತ್ತಿರ ಬೇವಿನ ಮರ ಇರಲಿಲ್ಲ. ಅಮ್ಮ ಪೇಟೆಗೆ ಹೋಗಿ ಒಂದು ಸಣ್ಣ ಕಟ್ಟು ತರುತ್ತಿದ್ದಳು. ಎಲೆ ಬಾಡಬಾರದು ಅಂತ ತಂಬಿಗೆಯ ನೀರಲ್ಲಿ ನಿಲ್ಲಿಸುತ್ತಿದ್ದಳು. ಬೆಲ್ಲ ಮಾತ್ರ ಡಬ್ಬಿ ತುಂಬ ಇತ್ತು. ಹೋದ ವಾರ ಬೇವು ಹುಡುಕಿಕೊಂಡು ಅಂಗಡಿಗೆ ಹೋದಾಗ ಅದು ನೆನಪಾಯ್ತು. ಕಹಿಯನ್ನೂ ಹುಡುಕಿ, ದುಡ್ಡು ಕೊಟ್ಟು ತರುವ ಹಬ್ಬ ನಮ್ಮದು."

ಹೊಸ ಆರಂಭ ಎನ್ನುವ ಸಾಲಿಗೂ ಇದೇ ಉಪಾಯ. "ಹೊಸ ಆರಂಭ" ಎಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಶಿರಸಿಯವರಿಗೆ ಕಾಣುವುದು ಒಂದಿದೆ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಮುಗಿದ ಮೇಲೆ ಗುಡಿಯ ಬಾಗಿಲು ಹಾಕುತ್ತಾರೆ. ಯುಗಾದಿಯ ದಿನ ದೇವಿಯನ್ನು ಮತ್ತೆ ಪ್ರತಿಷ್ಠೆ ಮಾಡುತ್ತಾರೆ. ಈ ವರ್ಷ ಜಾತ್ರೆಯ ವರ್ಷವೇ ಆದ್ದರಿಂದ ಮಾತು ಸರಿಯಾಗಿ ಕೂತಿತು. ಮೈಸೂರಿನವರಿಗೆ ಇದು ಗೊತ್ತಿರುವುದಿಲ್ಲ, ಹಾಗಾಗಿ ಮೂರೇ ವಾಕ್ಯ ಇಟ್ಟೆ. "ಈ ವರ್ಷ ಜಾತ್ರೆ ಮುಗಿದು ಮುಚ್ಚಿದ್ದ ಮಾರಿಕಾಂಬೆಯ ಗುಡಿ ಯುಗಾದಿಗೆ ತೆರೆಯಿತು. ಚಿಕ್ಕವಳಿದ್ದಾಗ ಹೊಸ ವರ್ಷ ಅಂದರೆ ನನಗೆ ಅದೇ. ದೇವಿ ವಾಪಸ್ ಬರುವ ದಿನ."

ನಿಮ್ಮವರು ಹೊನ್ನಾವರದವರೋ ಅಂಕೋಲೆಯವರೋ ಆಗಿದ್ದರೆ ಅವರ ಹತ್ತಿರ ಬೇರೆ ನೆನಪು ಇರುತ್ತದೆ. "ಹಬ್ಬ ಹೇಗಿತ್ತು" ಎಂದು ಕೇಳಿದರೆ ಬರುವುದಿಲ್ಲ. ವಸ್ತುವಿನ ಬಗ್ಗೆ ಕೇಳಿ. ತೋರಣ ಯಾರು ಕಟ್ಟುತ್ತಿದ್ದರು, ಹೂರಣ ಯಾವ ಪಾತ್ರೆಯಲ್ಲಿ, ಮೊದಲ ಬೇವು-ಬೆಲ್ಲ ಯಾರ ಕೈಗೆ.

ಬೇವು-ಬೆಲ್ಲದ ಶ್ಲೋಕ ಬೇಕು ಎಂದು ಕೆಲವರು ಕೇಳುತ್ತಾರೆ. ಶತಾಯುರ್ವಜ್ರದೇಹಾಯ ಎಂದು ಶುರುವಾಗುವುದು. ಹಾಕುವುದಾದರೆ ಕೊನೆಯ ಪದವನ್ನು ಬಿಡಿಸಿ ಕೊಡಿ: ನಿಂಬ, ಕಂದಲ, ಭಕ್ಷಣಮ್. ನಿಂಬ ಅಂದರೆ ಬೇವು, ಕಂದಲ ಅಂದರೆ ಚಿಗುರು. ನೂರು ವರ್ಷ ಆಯಸ್ಸಿಗೆ, ವಜ್ರದಂಥ ಮೈಗೆ ಬೇವಿನ ಚಿಗುರು ತಿನ್ನಬೇಕು ಅನ್ನುವುದು ಅದರ ಮಾತು. ಅರ್ಥ ಗೊತ್ತಿದ್ದರೆ ಓದುವವರು ಸರಿಯಾದ ಕಡೆ ನಿಲ್ಲಿಸುತ್ತಾರೆ.

ಉಪಕಾರ ಹೇಳುವಾಗ ಹೆಸರುಗಳು

ಟಿಪ್ಪಣಿಯಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ ಬರುತ್ತವೆ. ಉತ್ತರ ಕನ್ನಡದವರಿಗೆ ಇದರ ಕಷ್ಟ ಚೆನ್ನಾಗಿ ಗೊತ್ತು. ಇಂಗ್ಲಿಷಿನಲ್ಲಿ ಒಂದೇ ಥರ ಬರೆದರೂ ಶಿರಸಿ ಕಡೆಯವರು ಹೆಗಡೆ, ದಕ್ಷಿಣ ಕನ್ನಡದವರು ಹೆಗ್ಡೆ. ನಾಯ್ಕ ಬೇರೆ, ನಾಯಕ ಬೇರೆ. ಭಟ್ ಮತ್ತು ಭಟ್ಟ ಎರಡೂ ಇವೆ. ಊಹೆ ಮಾಡಿ ಬರೆಯಬೇಡಿ. ಪ್ರತಿ ಹೆಸರನ್ನೂ ಕಾರ್ಯದರ್ಶಿಯವರು ಬಾಯಲ್ಲಿ ಹೇಳಿ ವಾಯ್ಸ್ ಮೆಸೇಜ್ ಕಳಿಸಲಿ. ಈ ಸಲ ಒಂಬತ್ತು ಹೆಸರುಗಳಲ್ಲಿ ಎರಡನ್ನು ನಾನು ತಪ್ಪು ಬರೆದಿದ್ದೆ, ವಾಯ್ಸ್ ಮೆಸೇಜ್ ಕೇಳಿ ತಿದ್ದಿದೆ.

"ಇವರಿಲ್ಲದಿದ್ದರೆ ಈ ಕಾರ್ಯಕ್ರಮ ಸಾಧ್ಯವಾಗುತ್ತಿರಲಿಲ್ಲ" ಎನ್ನುವ ಬದಲು ಮಾಡಿದ ಕೆಲಸ ಹೇಳಿ. "ನಿನ್ನೆ ರಾತ್ರಿ ಹನ್ನೊಂದರವರೆಗೆ ಆರು ಜನ ನಿಂತು ಹೋಳಿಗೆ ಲಟ್ಟಿಸಿದ್ದಾರೆ. ಅವರ ಹೆಸರು ಹೇಳುತ್ತೇನೆ, ಚಪ್ಪಾಳೆ ತಟ್ಟಿ." ವಾಲಂಟಿಯರ್ ಅನ್ನುವ ಪದವನ್ನು ಹಾಗೇ ಇಟ್ಟರೂ ತೊಂದರೆ ಇಲ್ಲ. ಸ್ವಯಂಸೇವಕರು ಎಂದರೆ ಅಲ್ಲಿನ ಮಕ್ಕಳಿಗೆ ತಿಳಿಯುವುದಿಲ್ಲ.

ಶಾಲೆಯ ವಿಷಯಕ್ಕೆ ಎರಡು ವಾಕ್ಯ ಸಾಕು: ಎಷ್ಟು ಮಕ್ಕಳಿದ್ದಾರೆ, ಸೇರಿಸಬೇಕಾದರೆ ಯಾರನ್ನು ಕೇಳಬೇಕು. ಅಂಕಿಯನ್ನು ಮಾತ್ರ ಅಕ್ಷರದಲ್ಲಿ ಬರೆಯಿರಿ. 22 ಎಂದು ಹಾಳೆಯಲ್ಲಿ ಕಂಡರೆ ಮೈಕಿನ ಮುಂದೆ ಬಾಯಿ ತಾನಾಗಿ "ಟ್ವೆಂಟಿ ಟು" ಅನ್ನುತ್ತದೆ. ಇಪ್ಪತ್ತೆರಡು ಎಂದು ಬರೆದಿದ್ದರೆ ಇಪ್ಪತ್ತೆರಡು ಎಂದೇ ಓದುತ್ತಾರೆ.

ಓದಿ ನೋಡಿ, ಆಮೇಲೆ ಕಳಿಸಿ

ಬರೆದು ಮುಗಿದ ಮೇಲೆ ಗಡಿಯಾರ ಇಟ್ಟು ಗಟ್ಟಿಯಾಗಿ ಓದಿ. ಕನ್ನಡ ಪದಗಳು ಉದ್ದ. ನಿಧಾನಕ್ಕೆ ಓದಿದರೆ ನನಗೆ ನಿಮಿಷಕ್ಕೆ ಎಂಬತ್ತರಿಂದ ತೊಂಬತ್ತು ಪದ ಆಗುತ್ತದೆ. ಐದು ನಿಮಿಷಕ್ಕೆ ನಾಲ್ಕುನೂರು ಪದ ಸಾಕು, ಚಪ್ಪಾಳೆಗೂ ಜಾಗ ಬೇಕು. ಉಸಿರು ಸಾಲದ ವಾಕ್ಯ ಬಂದರೆ ಅಲ್ಲೇ ಎರಡು ಮಾಡಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಾಕ್ಯ ಉದ್ದವಾದರೆ ಕೇಳುವವರು ಅಲ್ಲಿಯವರೆಗೆ ಕಾಯುತ್ತಾ ಕೂರಬೇಕಾಗುತ್ತದೆ.

ಕಳಿಸುವಾಗ ಯೂನಿಕೋಡ್‌ನಲ್ಲೇ ಇರಲಿ, ಜೊತೆಗೆ ಪಿಡಿಎಫ್ ಮಾಡಿ. ಮೊದಲ ವರ್ಷ ನಾನು ಹಳೆಯ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿ ಹಾಗೇ ಕಳಿಸಿದ್ದೆ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಕಂಡದ್ದೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಕಾರ್ಯಕ್ರಮದ ದಿನ ಅವರ ಫೋನ್ ಬಂದು, ಇಡೀ ಭಾಷಣ ಮತ್ತೆ ಟೈಪ್ ಮಾಡಿದೆ. ಹಾಳೆಯಲ್ಲಿ ಅಕ್ಷರ ದೊಡ್ಡದಿರಲಿ, ವಾಕ್ಯಕ್ಕೊಂದು ಸಾಲು ಇರಲಿ. ಪುಟದ ಕೊನೆಯಲ್ಲಿ ವಾಕ್ಯ ಅರ್ಧಕ್ಕೆ ನಿಲ್ಲಬಾರದು.

ಓದುವವರಿಗೆ ಕನ್ನಡ ಲಿಪಿ ಬರದೇ ಇದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಬೇಕಾಗುತ್ತದೆ. ಆಗ ಳ, ಣ ಅಕ್ಷರಗಳು ಕೈಕೊಡುತ್ತವೆ. ಹೋಳಿಗೆ ಹೋಲಿಗೆ ಆಗುತ್ತದೆ, ಎಣ್ಣೆ ಎನ್ನೆ ಆಗುತ್ತದೆ. ಆ ಅಕ್ಷರಗಳ ಕೆಳಗೆ ಗೆರೆ ಹಾಕಿ, ಇಡೀ ಭಾಷಣವನ್ನು ನೀವೇ ಓದಿ ಧ್ವನಿಯನ್ನೂ ಕಳಿಸಿ.

ನಮ್ಮ ಹುಡುಗಿಗೆ ಲಿಪಿ ಬರುತ್ತದೆ. ಆದರೂ ಧ್ವನಿ ಕಳಿಸಿದೆ. ಅವಳು ಅಡುಗೆಮನೆಯಲ್ಲಿ ಹಾಕಿಕೊಂಡು ಎರಡು ಸಲ ಕೇಳಿದಳಂತೆ. ತಂಬಿಗೆಯ ಸಾಲು ಬಂದಾಗ ನಿಲ್ಲಿಸಿ ಫೋನ್ ಮಾಡಿದಳು. "ಚಿಕ್ಕಮ್ಮ, ಅದು ತಂಬಿಗೆ ಅಲ್ಲ, ಹಿತ್ತಾಳೆ ಚೊಂಬು." ತಿದ್ದಿದೆ. ಕೊನೆಯ ಸಾಲು ಮಾತ್ರ ಮೊದಲಿಂದಲೂ ಬದಲಾಗಲಿಲ್ಲ: "ಎಲೆ ಹಾಕಿ ಆಗಿದೆ, ಬನ್ನಿ, ಊಟಕ್ಕೆ ಏಳೋಣ."